ಸುಮಾ ಮಾಡಿದ ಕೆಲಸಕ್ಕೆ ಕಾರ್ತಿಕ್‌ಗೆ ಥ್ಯಾಂಕ್ಸ್: ಥ್ರೆಡ್ಡಿನಲ್ಲಿ ಇದನ್ನು ಸರಿಪಡಿಸುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಪೇಮೆಂಟ್ ಕಂಪನಿಯಲ್ಲಿ ಡೆವಲಪರ್. ನಮ್ಮಲ್ಲಿ ಒಂದೇ ರೀಫಂಡ್ ಎರಡೆರಡು ಸಲ ಹೋಗುತ್ತಿತ್ತು. ಬ್ಯಾಂಕಿನ ಉತ್ತರ ತಡವಾದರೆ ನಮ್ಮ ಸಿಸ್ಟಂ ಹೊಸ ರೆಫರೆನ್ಸ್ ನಂಬರ್ ಹಾಕಿ ಮತ್ತೆ ಕಳಿಸುತ್ತಿತ್ತು. ಇದನ್ನು ಹುಡುಕಿ ಕೋಡ್ ಬರೆದದ್ದು ಸುಮಾ (ಹೆಸರುಗಳನ್ನು ಬದಲಿಸಿದ್ದೇನೆ). ರಿವ್ಯೂ ಮಾಡಿದ್ದು ನಾನು. ಅವರು ರಜೆ ಹಾಕಿ ಊರಿಗೆ ಹೋದ ರಾತ್ರಿ ಕಾರ್ತಿಕ್ ರಿಲೀಸ್ ಮಾಡಿದರು. ನಿನ್ನೆ ಬೆಳಗ್ಗೆ ಮ್ಯಾನೇಜರ್ ಸ್ಲಾಕ್ ಥ್ರೆಡ್ಡಿನಲ್ಲಿ ‘ರೀಫಂಡ್ ತೊಂದರೆ ಬಿಡಿಸಿದ ಕಾರ್ತಿಕ್‌ಗೆ ಥ್ಯಾಂಕ್ಸ್’ ಅಂತ ಹಾಕಿದರು. ಡೈರೆಕ್ಟರ್ ಕೂಡ ಶಹಬ್ಬಾಸ್ ಅಂದರು. ಕಾರ್ತಿಕ್ ಕೈಮುಗಿಯುವ ಇಮೋಜಿ ಹಾಕಿ ಸುಮ್ಮನಾದರು. ಸುಮಾ ಏನೂ ಬರೆದಿಲ್ಲ. ನಾನು ಹೇಳಬೇಕಾ? ಹೇಳಿದರೆ ಯಾರಿಗೂ ಮುಜುಗರ ಆಗದ ಹಾಗೆ ಹೇಗೆ ಹೇಳಲಿ?

ಉತ್ತರ: ಹೇಳಲೇಬೇಕು. ಆದರೆ ಥ್ರೆಡ್ಡಿನಲ್ಲಿ ಮೊದಲ ಸಾಲು ನಿಮ್ಮದಾಗದಿದ್ದರೆ ಒಳ್ಳೆಯದು. ಡೈರೆಕ್ಟರ್ ನೋಡುತ್ತಿರುವ ಜಾಗದಲ್ಲಿ ಮ್ಯಾನೇಜರ್ ಬರೆದದ್ದು ತಪ್ಪು ಅಂತ ಇನ್ನೊಬ್ಬರು ಹೇಳಿದರೆ, ಮಾತು ಎಷ್ಟೇ ಮೆತ್ತಗಿರಲಿ, ಓದುವವರ ಕಣ್ಣು ಸುಮಾ ಮಾಡಿದ ಕೆಲಸದ ಮೇಲೆ ನಿಲ್ಲುವುದಿಲ್ಲ. ಮ್ಯಾನೇಜರ್ ಏನಂದರು, ಕಾರ್ತಿಕ್ ಏನು ಮಾಡಿದರು, ಇವರಿಗೂ ಅವರಿಗೂ ಏನಾದರೂ ಇದೆಯಾ ಅನ್ನುವ ಕಡೆ ಹೋಗಿಬಿಡುತ್ತದೆ. ಹಾಗಾಗಿ ಮೊದಲು ಸುಮಾ ಹತ್ತಿರ, ಆಮೇಲೆ ಕಾರ್ತಿಕ್ ಹತ್ತಿರ, ಆಮೇಲೆ ಮ್ಯಾನೇಜರ್ ಹತ್ತಿರ ಮಾತಾಡಿ. ಇದೆಲ್ಲ ಇವತ್ತೇ ಆಗಬೇಕು, ಆಗುತ್ತದೆ ಕೂಡ.

ಅದಕ್ಕೂ ಮುಂಚೆ, ಯಾರು ಏನು ಮಾಡಿದರು ಅನ್ನುವುದನ್ನು ನೀವೇ ಒಮ್ಮೆ ಕಣ್ಣಾರೆ ನೋಡಿಕೊಳ್ಳಿ. ರಿವ್ಯೂ ಮಾಡಿದ್ದೀರಿ, ನಿಮಗೆ ಗೊತ್ತಿದೆ, ಸರಿ. ಆದರೂ ನೋಡಿ. ಇಂಥ ತಪ್ಪುಗಳಲ್ಲಿ ಬಹಳಷ್ಟು ಯಾರೂ ಬೇಕಂತ ಮಾಡಿದ್ದಲ್ಲ. ನಾವು ಬಳಸುವ ಸಾಧನವೇ ಹೆಸರನ್ನು ನುಂಗಿ ಹಾಕಿರುತ್ತದೆ. ಅದು ಎಲ್ಲಿ ಆಯಿತು ಅಂತ ಗೊತ್ತಾದರೆ ನಿಮ್ಮ ಮಾತಿನ ಧಾಟಿಯೇ ಬೇರೆ ಆಗುತ್ತದೆ.

ಗಿಟ್‌ನಲ್ಲಿ ಪ್ರತಿ ಕಮಿಟ್‌ಗೂ ಎರಡು ಹೆಸರು ಇರುತ್ತವೆ: ಬದಲಾವಣೆ ಬರೆದವರದು ಒಂದು, ಅದನ್ನು ರೆಪೊಸಿಟರಿಗೆ ಸೇರಿಸಿದವರದು ಇನ್ನೊಂದು. ಚೆರ್ರಿ‑ಪಿಕ್ ಮಾಡಿದರೆ, ರಿಬೇಸ್ ಮಾಡಿದರೆ ಬರೆದವರ ಹೆಸರು ಹಾಗೇ ಉಳಿಯುತ್ತದೆ. ಆದರೆ ರಾತ್ರಿ ರಿಲೀಸ್ ಮಾಡುವವರು ಬೇಗ ಮುಗಿಯಲಿ ಅಂತ ತಮ್ಮ ಯಂತ್ರದಲ್ಲೇ ಹೀಗೆ ಮಾಡಿದ್ದರೆ ಕತೆ ಬೇರೆ:

```
git merge --squash refund-retry-fix
git commit -m "Fix duplicate refunds"
```

ಇಲ್ಲಿ ಸುಮಾ ಅವರ ಎಲ್ಲ ಕಮಿಟ್‌ಗಳೂ ಸೇರಿ ಒಂದಾಗುತ್ತವೆ, ಆ ಒಂದಕ್ಕೆ ಕಾರ್ತಿಕ್ ಹೆಸರು ಬೀಳುತ್ತದೆ. ಎರಡು ಜಾಗದಲ್ಲೂ ಅವರದೇ. `-m` ಇಲ್ಲದೆ ಸುಮ್ನೆ `git commit` ಅಂತ ಕೊಟ್ಟಿದ್ದರೆ ಗಿಟ್ ತಾನೇ ಹಳೆಯ ಕಮಿಟ್‌ಗಳ ಪಟ್ಟಿಯನ್ನು, ಬರೆದವರ ಹೆಸರಿನ ಸಮೇತ, ಮೆಸೇಜ್ ಬರೆಯುವ ಜಾಗದಲ್ಲಿ ತುಂಬಿ ಕೊಡುತ್ತಿತ್ತು. ಅದು ಉದ್ದವಾಗಿ ಕಾಣುತ್ತದೆ ಅಂತ ಹೆಚ್ಚಿನವರು ಅಳಿಸಿ ಒಂದು ಸಾಲು ಬರೆಯುತ್ತಾರೆ. ಗಿಟ್‌ಹಬ್ಬಿನ ‘Squash and merge’ ಗುಂಡಿ ಒತ್ತಿದ್ದರೆ ಇಷ್ಟು ಕೆಡುತ್ತಿರಲಿಲ್ಲ, ಬ್ರಾಂಚಿನಲ್ಲಿ ಕೆಲಸ ಮಾಡಿದ ಉಳಿದವರ ಹೆಸರನ್ನು ಅದು `Co-authored-by` ಸಾಲಾಗಿ ಸೇರಿಸುತ್ತದೆ.

ನಿಮ್ಮಲ್ಲಿ ಏನಾಗಿದೆ ಅಂತ ನೋಡಲು ಈ ಎರಡು ಸಾಲು ಸಾಕು:

```
git log --format='%h | %an | %cn | %s' main
git log --format='%h | %an | %ad | %s' main..origin/refund-retry-fix
```

ಮೊದಲನೆಯದು ಮೇನ್ ಬ್ರಾಂಚಿನಲ್ಲಿ ಯಾರು ಬರೆದರು, ಯಾರು ಸೇರಿಸಿದರು ಅಂತ ತೋರಿಸುತ್ತದೆ. ಎರಡನೆಯದು ಸುಮಾ ಅವರ ಬ್ರಾಂಚಿನಲ್ಲಿ ಇದ್ದ ಮೂಲ ಕಮಿಟ್‌ಗಳನ್ನು ತೋರಿಸುತ್ತದೆ. ಸ್ಕ್ವಾಶ್ ಮಾಡಿದಾಗ ಅವು ಮೇನ್‌ಗೆ ಹೋಗಿರುವುದಿಲ್ಲವಲ್ಲ, ಅದಕ್ಕೇ ಇಲ್ಲಿ ಕಾಣುತ್ತವೆ. ಬ್ರಾಂಚನ್ನು ಅಳಿಸಿದ್ದರೂ ಗಿಟ್‌ಹಬ್ಬಿನ ಪುಲ್ ರಿಕ್ವೆಸ್ಟ್ ಪುಟದಲ್ಲಿ ಕಮಿಟ್‌ಗಳೂ ನಿಮ್ಮ ರಿವ್ಯೂ ಮಾತುಗಳೂ ಉಳಿದಿರುತ್ತವೆ. ಜಿರಾ ಟಿಕೆಟ್ ಇದ್ದರೆ ಅದರ ಹಿಸ್ಟರಿಯನ್ನೂ ನೋಡಿ. ರಿಲೀಸ್ ಮಾಡುವವರ ಹೆಸರಿಗೆ ಟಿಕೆಟ್ ಬದಲಿಸುವ ಅಭ್ಯಾಸ ಎಷ್ಟೋ ಟೀಮ್‌ಗಳಲ್ಲಿದೆ. ಬೆಳಗ್ಗೆ ಎದ್ದು ಟಿಕೆಟ್ ತೆರೆದ ಮ್ಯಾನೇಜರಿಗೆ ಕಂಡ ಹೆಸರು ಕಾರ್ತಿಕ್, ಮೇನ್ ಬ್ರಾಂಚಿನಲ್ಲಿ ಕಂಡ ಹೆಸರೂ ಕಾರ್ತಿಕ್. ಅವರು ಥ್ಯಾಂಕ್ಸ್ ಹೇಳಿದ್ದರಲ್ಲಿ ಏನು ಆಶ್ಚರ್ಯ?

ಇಲ್ಲೇ ಇನ್ನೊಂದು ವಿಷಯ ಗಮನಿಸಿ. ಕಾರ್ತಿಕ್ ಏನೂ ಮಾಡಿಲ್ಲ ಅನ್ನುವ ಹಾಗಿಲ್ಲ. ಹಣ ಓಡಾಡುವ ಸಿಸ್ಟಂನಲ್ಲಿ ರಾತ್ರಿ ರಿಲೀಸ್ ಅಂದರೆ ಕ್ಯೂ ನಿಲ್ಲಿಸುವುದು, ಹೊಸ ಕೋಡ್ ಹಾಕುವುದು, ನಾಲ್ಕಾರು ರೀಫಂಡ್ ಬಿಟ್ಟು ನೋಡುವುದು, ಸರಿ ಹೋಗುತ್ತಿದೆ ಅಂತ ಖಾತ್ರಿಯಾದ ಮೇಲೆ ಪೂರ್ತಿ ತೆರೆಯುವುದು, ಇಷ್ಟಾದರೂ ಇರುತ್ತದೆ. ಅದು ನಿಜವಾದ ಕೆಲಸ. ನೀವು ಸರಿಪಡಿಸಬೇಕಾದದ್ದು ‘ಕಾರ್ತಿಕ್ ಬದಲು ಸುಮಾ’ ಅಂತ ಹೆಸರು ಬದಲಿಸುವುದನ್ನಲ್ಲ. ಕಾರಣ ಹುಡುಕಿದ್ದು, ಕೋಡ್ ಬರೆದದ್ದು ಒಬ್ಬರು, ಅದನ್ನು ಜೋಪಾನವಾಗಿ ಲೈವ್‌ಗೆ ತಂದದ್ದು ಇನ್ನೊಬ್ಬರು ಅಂತ ಪೂರ್ತಿ ಚಿತ್ರ ಕೊಡಬೇಕು. ಹೀಗೆ ಹೇಳಿದರೆ ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಂಡ ಹಾಗೆ ಆಗುವುದಿಲ್ಲ, ಮತ್ತು ಇದು ನಿಜ ಕೂಡ.

ಈಗ ಸುಮಾ. ಅವರನ್ನು ಕೇಳದೆ ಏನೂ ಬರೆಯಬೇಡಿ. ಅವರಿಗೂ ಕಾರ್ತಿಕ್‌ಗೂ ಮೊದಲೇ ಮಾತಾಗಿರಬಹುದು, ಅವರೇ ಬರೆಯಬೇಕು ಅಂತ ಇರಬಹುದು, ಅಥವಾ ರಜೆಯಲ್ಲಿದ್ದು ಥ್ರೆಡ್ಡನ್ನೇ ನೋಡಿಲ್ಲದಿರಬಹುದು. ಕೇಳುವಾಗ ‘ನಿಮಗೆ ಬೇಜಾರಾಯ್ತಾ?’ ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ನಮ್ಮವರಲ್ಲಿ ನೂರಕ್ಕೆ ತೊಂಬತ್ತು ಜನ ‘ಅಯ್ಯೋ ಇಲ್ಲಪ್ಪ, ಬಿಡಿ’ ಅಂತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಬರೆದ ಸಾಲನ್ನೇ ಮುಂದಿಡಿ:

> ಸುಮಾ, ರಜೆಯಲ್ಲಿ ತೊಂದರೆ ಕೊಡ್ತಾ ಇದ್ದೀನಿ, ಸಾರಿ. ರೀಫಂಡ್ ಥ್ರೆಡ್ ನೋಡಿದ್ರಾ? ಕಾರಣ ಹುಡುಕಿ ಕೋಡ್ ಬರೆದದ್ದು ನೀವು ಅಂತ ಅಲ್ಲಿ ಬಂದಿಲ್ಲ. ಕಾರ್ತಿಕ್‌ಗೂ ರಘು ಅವರಿಗೂ ಹೇಳಿ ಅದನ್ನು ಸೇರಿಸೋಣ ಅಂತಿದ್ದೀನಿ. ‘ಹಳೆಯ ರೆಫರೆನ್ಸ್ ನಂಬರನ್ನೇ ಮತ್ತೆ ಬಳಸುವ ಬದಲಾವಣೆ ಸುಮಾ ಮಾಡಿದ್ದು’ ಅಂತ ಬರೆದರೆ ಸರಿಯಾ? ಏನಾದರೂ ತಿದ್ದಬೇಕಾ?

ರಘು ಅಂದರೆ ಮ್ಯಾನೇಜರ್ ಅಂತಿಟ್ಟುಕೊಳ್ಳಿ. ಇಲ್ಲಿ ಕೇಳುತ್ತಿರುವುದು ಸಾಲು ಸರಿಯಿದೆಯಾ ಅಂತ. ಹಾಗಾಗಿ ಅವರು ‘ಹೌದು, ಆದರೆ ಟೆಸ್ಟ್ ಬರೆದದ್ದು ಇನ್ನೊಬ್ಬರು’ ಅಂತ ಸುಲಭವಾಗಿ ತಿದ್ದಬಹುದು. ಈ ಥರ ಮೂರನೆಯ ಹೆಸರು ಹೊರಗೆ ಬರುವುದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಅದು ಬರದೆ ನೀವು ಸುಮಾ ಒಬ್ಬರ ಹೆಸರು ಹಾಕಿದ್ದರೆ, ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದು ತಪ್ಪು ಮಾಡಿದ ಹಾಗಾಗುತ್ತಿತ್ತು.

ಸುಮಾ ಬೇಡ ಅಂದರೆ? ಥ್ರೆಡ್ಡಿನಲ್ಲಿ ಹೊಗಳಿಕೆ ಬೇಡ ಅನ್ನುವುದು ಅವರ ಹಕ್ಕು, ಅದನ್ನು ಒಪ್ಪಿಕೊಳ್ಳಿ. ಆದರೆ ಟಿಕೆಟ್ಟಿನಲ್ಲಿ ಹೆಸರು ಸರಿ ಇರಬೇಕು ಅನ್ನುವುದು ಬೇರೆ ವಿಷಯ, ಅದನ್ನು ನಾನು ಬಿಡುವುದಿಲ್ಲ. ಮುಂದಿನ ಸಲ ನಡುರಾತ್ರಿ ರೀಫಂಡ್ ಕೆಟ್ಟರೆ ಆನ್‑ಕಾಲ್‌ನಲ್ಲಿರುವ ಹುಡುಗ ಟಿಕೆಟ್ ನೋಡಿ ಕಾರ್ತಿಕ್‌ಗೆ ಫೋನ್ ಮಾಡುತ್ತಾನೆ. ಬ್ಯಾಂಕಿನ ಉತ್ತರ ಎಷ್ಟು ಸೆಕೆಂಡ್ ತಡವಾದರೆ ಏನಾಗುತ್ತದೆ, ನಂಬರನ್ನು ಯಾವ ಟೇಬಲ್ಲಿನಲ್ಲಿ ಉಳಿಸಿದ್ದಾರೆ, ಯಾವ ಸಂದರ್ಭವನ್ನು ಬೇಕಂತಲೇ ಬಿಟ್ಟಿದ್ದಾರೆ, ಇದ್ಯಾವುದೂ ಕಾರ್ತಿಕ್‌ಗೆ ಗೊತ್ತಿರಲಿಕ್ಕಿಲ್ಲ. ಇದನ್ನೇ ಸುಮಾ ಅವರಿಗೂ ಹೇಳಿ. ತಮ್ಮ ಹೆಸರು ಹೇಳಿಕೊಳ್ಳಲು ಸಂಕೋಚ ಪಡುವವರು ಈ ಕಾರಣವನ್ನು ಸಾಮಾನ್ಯವಾಗಿ ಒಪ್ಪುತ್ತಾರೆ.

ಆಮೇಲೆ ಕಾರ್ತಿಕ್. ಎಲ್ಲಕ್ಕಿಂತ ಒಳ್ಳೆಯ ತಿದ್ದುಪಡಿ ಅವರ ಬಾಯಿಂದಲೇ ಬರುವುದು. ಅವರು ಒಂದು ಸಾಲು ಬರೆದರೆ ಮ್ಯಾನೇಜರಿಗೂ ಮುಜುಗರವಿಲ್ಲ, ಸುಮಾ ಹೆಸರೂ ಬಂತು, ಕಾರ್ತಿಕ್ ಮೇಲಿನ ಗೌರವವೂ ಹೆಚ್ಚುತ್ತದೆ. ಆ ಇಮೋಜಿಯನ್ನು ಕೆಟ್ಟದಾಗಿ ಓದಬೇಡಿ. ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗ್ಗೆ ಹೊಗಳಿಕೆ ನೋಡಿದವರು ಥಟ್ಟನೆ ಏನೋ ಒಂದು ಒತ್ತಿರುತ್ತಾರೆ. ಒತ್ತಿದ ಮೇಲೆ ಡೈರೆಕ್ಟರ್ ಕೂಡ ಬಂದರು, ಆಗ ‘ನಾನಲ್ಲ’ ಅನ್ನಲು ಕಷ್ಟವಾಯಿತು. ಅವರಿಗೆ ಈಗ ಬೇಕಾಗಿರುವುದು ಆರಾಮಾಗಿ ಹೇಳಲು ಒಂದು ದಾರಿ. ಅದನ್ನು ನೀವು ಕೊಡಿ, ಖಾಸಗಿಯಾಗಿ:

> ಕಾರ್ತಿಕ್, ರಾತ್ರಿ ರಿಲೀಸ್ ಚೆನ್ನಾಗಿ ಮುಗಿಸಿದ್ರಿ. ಥ್ರೆಡ್ಡಿನಲ್ಲಿ ಸುಮಾ ಹೆಸರು ತಪ್ಪಿಹೋಗಿದೆ, ಸ್ಕ್ವಾಶ್ ಮಾಡಿದ್ದರಿಂದ ಮೇನ್‌ನಲ್ಲೂ ಅವರ ಹೆಸರು ಕಾಣ್ತಿಲ್ಲ. ಕೋಡ್ ಸುಮಾ ಅವರದು ಅಂತ ನೀವೇ ಒಂದು ಸಾಲು ಹಾಕ್ತೀರಾ? ನೀವು ಹೇಳಿದರೆ ಚೆನ್ನಾಗಿರುತ್ತೆ. ಸಂಜೆ ಒಳಗೆ ಆದರೆ ಒಳ್ಳೆಯದು, ಡೈರೆಕ್ಟರ್ ನಾಳೆ ರಿವ್ಯೂ ಮೀಟಿಂಗಿನಲ್ಲಿ ಕೇಳಬಹುದು.

ಸಂಜೆ ಅನ್ನುವ ಮಾತು ಮುಖ್ಯ. ಹೊತ್ತು ಹೇಳದಿದ್ದರೆ ‘ಹಾಕ್ತೀನಿ’ ಅಂತಾರೆ, ನಾಳೆ ಅಂತಾರೆ, ಥ್ರೆಡ್ ಮೇಲೆ ಹೋಗಿ ಮರೆಯಾಗುತ್ತದೆ. ನಾಳೆ ರಿವ್ಯೂ ಮೀಟಿಂಗ್ ಇದೆ ಅನ್ನುವ ಮಾತು ನಿಮ್ಮಲ್ಲಿ ನಿಜವಾಗಿದ್ದರೆ ಮಾತ್ರ ಬರೆಯಿರಿ, ಹೆದರಿಸಲು ಬಳಸಬೇಡಿ.

ಅವರು ‘ಯಾರು ಮಾಡಿದ್ರೇನು, ಟೀಮ್ ವರ್ಕ್ ಅಲ್ವಾ’ ಅಂದರೆ ವಾದ ಬೇಡ. ‘ಹೌದು, ಅದಕ್ಕೇ ಇಬ್ಬರ ಹೆಸರೂ ಇರಲಿ ಅಂತ. ನಾನು ರಘು ಅವರಿಗೆ ಒಂದು ಮಾತು ಹೇಳ್ತೀನಿ, ನಿಮ್ಮ ರಿಲೀಸ್ ಕೆಲಸವನ್ನೂ ಸೇರಿಸಿಯೇ ಹೇಳ್ತೀನಿ’ ಅನ್ನಿ. ಮ್ಯಾನೇಜರಿಗೆ ಹೇಳುವ ವಿಷಯ ಕಾರ್ತಿಕ್‌ಗೆ ಮೊದಲೇ ಗೊತ್ತಿರಬೇಕು. ಬೆನ್ನ ಹಿಂದೆ ಹೋಗಿ ಹೇಳಿದರು ಅಂತ ಅನ್ನಿಸಿದರೆ ಆ ಕಹಿ ತಿಂಗಳುಗಟ್ಟಲೆ ಉಳಿಯುತ್ತದೆ, ಮತ್ತು ಅದರ ಬಿಸಿ ತಟ್ಟುವುದು ನಿಮಗಿಂತ ಸುಮಾ ಅವರಿಗೇ ಜಾಸ್ತಿ.

ಇನ್ನು ಮ್ಯಾನೇಜರ್. ನಿಮ್ಮ ಥ್ರೆಡ್ಡಿನಲ್ಲಿ ಬರೀ ಟೀಮಿನ ಹತ್ತು ಹನ್ನೆರಡು ಜನ ಇದ್ದಿದ್ದರೆ, ಕಾರ್ತಿಕ್‌ಗೆ ಹೇಳಿ ನೀವೇ ನೇರವಾಗಿ ಬರೆಯಿರಿ ಅನ್ನುತ್ತಿದ್ದೆ. ಡೈರೆಕ್ಟರ್ ಇರುವುದರಿಂದ ಲೆಕ್ಕ ಬದಲಾಗುತ್ತದೆ. ಅವರೆದುರು ತಪ್ಪು ಮಾಹಿತಿ ಕೊಟ್ಟವರು ಮ್ಯಾನೇಜರ್, ಅದನ್ನು ತಿದ್ದುವ ಅವಕಾಶವೂ ಅವರಿಗೇ ಮೊದಲು ಸಿಗಬೇಕು. ನಾನು ಬಹಳ ಕಾಲದಿಂದ ಟೀಮ್‌ಗಳನ್ನು ನಡೆಸುತ್ತಿದ್ದೇನೆ, ಮ್ಯಾನೇಜರ್ ಕುರ್ಚಿಯ ಕಡೆಯಿಂದ ಒಂದು ಮಾತು ಹೇಳುತ್ತೇನೆ: ಇಂಥ ವಿಷಯ ಬಂದಾಗ ತಿದ್ದಲು ಮನಸ್ಸು ಇರುತ್ತದೆ, ಆದರೆ ಪೂರ್ತಿ ವಿವರ ಗೊತ್ತಿರುವುದಿಲ್ಲ, ಹತ್ತು ಕೆಲಸಗಳ ನಡುವೆ ಅದನ್ನು ಕೇಳಿ ತಿಳಿದು ಬರೆಯಲು ಹೊತ್ತು ಸಿಗುವುದಿಲ್ಲ. ಹಾಗೇ ಬಿಟ್ಟುಹೋಗುತ್ತದೆ. ಅದಕ್ಕೇ ಹಾಗೇ ಎತ್ತಿ ಹಾಕಬಹುದಾದ ಸಾಲುಗಳನ್ನು ಕೊಟ್ಟರೆ ಕೆಲಸ ಆಗುತ್ತದೆ:

> ರಘು, ರೀಫಂಡ್ ಥ್ರೆಡ್ ಬಗ್ಗೆ ಒಂದು ಸಣ್ಣ ತಿದ್ದುಪಡಿ. ಟಿಕೆಟ್ ರಿಲೀಸ್ ಹೊತ್ತಿಗೆ ಕಾರ್ತಿಕ್ ಹೆಸರಿಗೆ ಹೋಗಿದ್ದರಿಂದ ಅಲ್ಲಿ ಸುಮಾ ಹೆಸರು ಕಾಣುತ್ತಿಲ್ಲ. ಕಾರಣ ಹುಡುಕಿ ಕೋಡ್ ಬರೆದದ್ದು ಸುಮಾ, ನಾನು ರಿವ್ಯೂ ಮಾಡಿದ್ದೆ. ಕಾರ್ತಿಕ್ ಜೊತೆಗೂ ಮಾತಾಡಿದ್ದೇನೆ. ಅನುಕೂಲವಾದರೆ ಇದನ್ನು ಹಾಕಬಹುದು:
>
> ‘ನಿನ್ನೆಯ ಮಾತಿಗೆ ಒಂದು ಸೇರ್ಪಡೆ. ಬ್ಯಾಂಕಿನ ಉತ್ತರ ತಡವಾದಾಗ ಹೊಸ ರೆಫರೆನ್ಸ್ ನಂಬರ್ ಹೋಗುತ್ತಿದ್ದದ್ದೇ ಕಾರಣ ಅಂತ ಕಂಡುಹಿಡಿದು, ಹಳೆಯ ನಂಬರನ್ನೇ ಮತ್ತೆ ಬಳಸುವ ಕೋಡ್ ಬರೆದದ್ದು ಸುಮಾ. ಅದನ್ನು ರಾತ್ರಿ ಕ್ಯೂ ನಿಲ್ಲಿಸಿ, ಪರೀಕ್ಷಿಸಿ ಲೈವ್‌ಗೆ ತಂದದ್ದು ಕಾರ್ತಿಕ್. ಇಬ್ಬರಿಗೂ ಥ್ಯಾಂಕ್ಸ್. ಈ ಭಾಗದ ಪ್ರಶ್ನೆಗಳಿದ್ದರೆ ಸುಮಾ ಅವರನ್ನು ಕೇಳಿ.’

ಈ ಸಾಲುಗಳಲ್ಲಿ ಏನಿದೆ ನೋಡಿ. ಮ್ಯಾನೇಜರ್ ತಪ್ಪು ಮಾಡಿದರು ಅಂತ ಇಲ್ಲ, ತಪ್ಪು ಹೇಗಾಯಿತು ಅಂತ ಇದೆ, ಅದೂ ಖಾಸಗಿ ಭಾಗದಲ್ಲಿ ಮಾತ್ರ. ಸುಮಾ ಮಾಡಿದ ಕೆಲಸ ಏನು ಅಂತ ಬಿಡಿಸಿ ಇದೆ. ಇದೇ ಎಲ್ಲಕ್ಕಿಂತ ದೊಡ್ಡದು. ಸಾಮಾನ್ಯವಾಗಿ ಜನ ಮರ್ಯಾದೆಗೆ ಅಂತ ‘ಸುಮಾ ಕೂಡ ಸಹಾಯ ಮಾಡಿದ್ದಾರೆ’ ಅಂತ ಬರೆದುಬಿಡುತ್ತಾರೆ. ಅದನ್ನು ಓದಿದ ಡೈರೆಕ್ಟರ್ ತಲೆಯಲ್ಲಿ ಕೂರುವುದು ಏನು? ಕಾರ್ತಿಕ್ ಮಾಡಿದರು, ಸುಮಾ ಪಕ್ಕದಲ್ಲಿ ನಿಂತು ಕೈಜೋಡಿಸಿದರು ಅಂತ. ಅಂದರೆ ಮೊದಲಿದ್ದ ತಪ್ಪಿಗೆ ನೀವೇ ಗಟ್ಟಿ ಮುದ್ರೆ ಒತ್ತಿದ ಹಾಗೆ. ಅದಕ್ಕಿಂತ ಸುಮ್ಮನಿರುವುದೇ ವಾಸಿ. ಹುಡುಕಿದ್ದು, ಬರೆದದ್ದು, ಹಾಕಿದ್ದು, ಹೀಗೆ ಒಬ್ಬೊಬ್ಬರ ಕೆಲಸಕ್ಕೂ ಅದರದೇ ಮಾತು ಕೊಡಿ.

ಅದೇ ರೀತಿ ಉದ್ದ ಮಾಡಬೇಡಿ. ಎಷ್ಟು ಕಮಿಟ್, ಎಷ್ಟು ಗಂಟೆ, ಯಾವ ತಾರೀಕು ಅಂತ ಪುರಾವೆ ಜೋಡಿಸುತ್ತಾ ಹೋದರೆ ಅದು ಆಪಾದನೆಯ ಥರ ಓದಿಸಿಕೊಳ್ಳುತ್ತದೆ. ಯಾರಾದರೂ ಕೇಳಿದರೆ ಪುಲ್ ರಿಕ್ವೆಸ್ಟಿನ ಲಿಂಕ್ ಕೊಡಿ, ಸಾಕು. ನೀವು ಗಿಟ್‌ನಲ್ಲಿ ನೋಡಿಕೊಂಡದ್ದು ನಿಮ್ಮ ಖಾತ್ರಿಗೆ.

ತಿದ್ದುಪಡಿ ಎಲ್ಲಿ ಬೀಳಬೇಕು ಅನ್ನುವುದರಲ್ಲೂ ಎಡವಟ್ಟು ಆಗುತ್ತದೆ. ಸ್ಲಾಕ್‌ನಲ್ಲಿ ಥ್ರೆಡ್ಡಿನೊಳಗೆ ಉತ್ತರಿಸಿದರೆ ಆ ಥ್ರೆಡ್ಡಿನಲ್ಲಿ ಬರೆದವರಿಗೆ, ಅದನ್ನು ಹಿಂಬಾಲಿಸುತ್ತಿರುವವರಿಗೆ ಮಾತ್ರ ಸೂಚನೆ ಹೋಗುತ್ತದೆ. ಚಾನೆಲ್ಲಿನಲ್ಲಿ ಮೇಲಿನ ಮೊದಲ ಸಾಲನ್ನು ಓದಿ ಮುಂದೆ ಹೋದವರಿಗೆ ಇದು ಕಾಣುವುದೇ ಇಲ್ಲ. ಉತ್ತರಿಸುವಾಗ ಕೆಳಗೆ ಚಾನೆಲ್ಲಿಗೂ ಕಳಿಸು ಅನ್ನುವ ಚೌಕ ಇರುತ್ತದೆ, `Also send to` ಅಂತ. ಅದಕ್ಕೆ ಟಿಕ್ ಹಾಕಲು ಮ್ಯಾನೇಜರಿಗೆ ಹೇಳಿ. ಹಳೆಯ ಮೆಸೇಜನ್ನೇ ಎಡಿಟ್ ಮಾಡಿದರೆ ಸಾಲದಾ ಅಂತ ಕೇಳಬಹುದು. ಎಡಿಟ್ ಮಾಡಿದರೆ ಒಳ್ಳೆಯದೇ, ಮುಂದೆ ಹುಡುಕಿ ಬಂದವರಿಗೆ ಸರಿಯಾದದ್ದು ಸಿಗುತ್ತದೆ. ಆದರೆ ಆಗಲೇ ಓದಿದವರಿಗೆ ಎಡಿಟ್ ಆದದ್ದು ಗೊತ್ತಾಗುವುದಿಲ್ಲ, ಡೈರೆಕ್ಟರ್ ಆಗಲೇ ಓದಿಯಾಗಿದೆ. ಎರಡೂ ಮಾಡಬೇಕು. ವಾಟ್ಸಾಪ್ ಗುಂಪಿನಲ್ಲಿ ಆಗಿದ್ದರೆ ಎಡಿಟ್ ಮಾಡಲು ಬರೀ 15 ನಿಮಿಷ ಇರುತ್ತದೆ, ಹಾಗಾಗಿ ಮೂಲ ಮೆಸೇಜಿಗೇ ರಿಪ್ಲೈ ಕೊಟ್ಟು ಬರೆಯುವುದೇ ದಾರಿ. ಇಮೇಲ್ ಆದರೆ ಅದೇ ಸರಣಿಯಲ್ಲಿ ಎಲ್ಲರಿಗೂ ಉತ್ತರಿಸಿ, ಮಧ್ಯದಲ್ಲಿ ಯಾರೋ ಡೈರೆಕ್ಟರನ್ನು ಬಿಟ್ಟು ರಿಪ್ಲೈ ಮಾಡಿದ್ದಾರಾ ಅಂತ ಮೇಲಿನ ಹೆಸರುಗಳನ್ನು ಒಮ್ಮೆ ಎಣಿಸಿ ನೋಡಿ.

ಬೇಗ ಮಾಡಿ, ಅದೇ ಜಾಗದಲ್ಲಿ ಮಾಡಿ ಅಂತ ನಾನು ಇಷ್ಟು ಹಿಡಿದು ಹೇಳಲು ಒಂದು ಕಾರಣ ಇದೆ. 1968ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಒಂದು ಪ್ರಬಂಧ ಬರೆದರು. ವಿಜ್ಞಾನದಲ್ಲಿ ಇಬ್ಬರು ಮಾಡಿದ ಕೆಲಸಕ್ಕೆ ಆಗಲೇ ಹೆಸರು ಮಾಡಿದವರಿಗೇ ಹೆಚ್ಚು ಕ್ರೆಡಿಟ್ ಹೋಗುತ್ತದೆ ಅನ್ನುವುದೇ ಅದರ ವಿಷಯ, ಅದನ್ನು ಅವರು ಮ್ಯಾಥ್ಯೂ ಎಫೆಕ್ಟ್ ಅಂತ ಕರೆದರು. ಅದಕ್ಕೆ ಆಧಾರವಾಗಿದ್ದ ನೊಬೆಲ್ ವಿಜ್ಞಾನಿಗಳ ಸಂದರ್ಶನಗಳನ್ನು ಮಾಡಿದ್ದು ಹ್ಯಾರಿಯೆಟ್ ಜುಕರ್ಮನ್. ಪ್ರಬಂಧ ಬಂದದ್ದು ಮಾತ್ರ ಮರ್ಟನ್ ಒಬ್ಬರ ಹೆಸರಿನಲ್ಲಿ. 1973ರಲ್ಲಿ ಮರ್ಟನ್ ತಾವೇ ಒಪ್ಪಿಕೊಂಡರು, ಜುಕರ್ಮನ್ ಅವರ ಕೆಲಸವನ್ನು ಅಷ್ಟೊಂದು ಬಳಸಿದ್ದರಿಂದ ಅದು ಇಬ್ಬರ ಹೆಸರಿನಲ್ಲೂ ಬರಬೇಕಾಗಿತ್ತು ಅಂತ. ಪ್ರಾಮಾಣಿಕವಾದ ಮಾತು. ಆದರೆ ಆ ತಿದ್ದುಪಡಿ ಇದ್ದದ್ದು ಬೇರೆ ಕಡೆ, ಅದೂ ಐದು ವರ್ಷ ಬಿಟ್ಟು. ಇವತ್ತಿಗೂ ಆ ಪ್ರಬಂಧವನ್ನು ಉಲ್ಲೇಖಿಸುವವರು ಬರೆಯುವುದು ಮರ್ಟನ್, 1968 ಅಂತಲೇ. ಈ ವಿಷಯ ಚೆನ್ನಾಗಿ ಗೊತ್ತಿದ್ದ ಮನುಷ್ಯನೇ ಪೂರ್ತಿ ಮನಸ್ಸಿನಿಂದ ತಿದ್ದಿದರೂ ಮೊದಲು ಬಿದ್ದ ಹೆಸರು ಅಲ್ಲಾಡಲಿಲ್ಲ. ಮುಂದೆ 1993ರಲ್ಲಿ ಚರಿತ್ರೆಕಾರ್ತಿ ಮಾರ್ಗರೆಟ್ ರಾಸಿಟರ್, ಹೆಣ್ಣುಮಕ್ಕಳ ಕೆಲಸದ ಕ್ರೆಡಿಟ್ ಜೊತೆಯ ಗಂಡಸರಿಗೆ ಹೋಗುವುದಕ್ಕೆ ಮಟಿಲ್ಡಾ ಎಫೆಕ್ಟ್ ಅಂತ ಹೆಸರಿಟ್ಟು ಉದಾಹರಣೆಗಳನ್ನು ಮುಂದಿಟ್ಟರು. ಅದರಲ್ಲಿ ಜುಕರ್ಮನ್ ಅವರ ಈ ಪ್ರಸಂಗವೂ ಇದೆ. ನಿಮ್ಮ ಟೀಮಿನಲ್ಲಿ ಹಾಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ, ನಿಮ್ಮದು ಟಿಕೆಟ್ ಮತ್ತು ಸ್ಕ್ವಾಶ್‌ನಿಂದ ಆದದ್ದು ಅಂತಲೇ ನನಗೂ ಅನ್ನಿಸುತ್ತದೆ. ಆದರೆ ಪದೇಪದೇ ಸುಮಾ ಹೆಸರೇ ಬಿಟ್ಟುಹೋಗುತ್ತಿದ್ದರೆ ಗಮನ ಇಡಿ.

ಥ್ರೆಡ್ ಸರಿಯಾದ ಮೇಲೆ ದಾಖಲೆ ಸರಿ ಮಾಡಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ. ವರ್ಷದ ಕೊನೆಯಲ್ಲಿ ಅಪ್ರೈಸಲ್ ಬರೆಯುವಾಗ ಯಾರೂ ಥ್ರೆಡ್ ಓದುವುದಿಲ್ಲ, ಟಿಕೆಟ್‌ಗಳ ಪಟ್ಟಿ ತೆಗೆಯುತ್ತಾರೆ. ಟಿಕೆಟ್ಟನ್ನು ಸುಮಾ ಹೆಸರಿಗೆ ವಾಪಸ್ ಹಾಕಬಹುದಾದರೆ ಹಾಕಿ, ಇಲ್ಲದಿದ್ದರೆ ‘ಕಾರಣ ಮತ್ತು ಕೋಡ್: ಸುಮಾ, ರಿವ್ಯೂ: ನಾನು, ರಿಲೀಸ್: ಕಾರ್ತಿಕ್’ ಅಂತ ಒಂದು ಕಾಮೆಂಟ್ ಬರೆದು ಪುಲ್ ರಿಕ್ವೆಸ್ಟಿನ ಲಿಂಕ್ ಅಂಟಿಸಿ. ಹಣದ ವಿಷಯವಾದ್ದರಿಂದ ಏನಾಯಿತು, ಯಾಕಾಯಿತು ಅಂತ ಒಂದು ವರದಿ ಬರೆಯಲೇಬೇಕಾಗುತ್ತದೆ, ಆರ್‌ಸಿಎ ಅಂತೀವಲ್ಲ ಅದು. ಆ ವರದಿಯನ್ನು ಸುಮಾ ಬರೆಯಲಿ, ಓದಿ ಹೇಳುವುದೂ ಅವರೇ ಆಗಲಿ ಅಂತ ಮ್ಯಾನೇಜರಿಗೆ ಸೂಚಿಸಿ. ಕಾರಣ ಗೊತ್ತಿರುವವರು ಅವರೇ ಆದ್ದರಿಂದ ಇದು ಸಹಜವಾದ ಸೂಚನೆ, ಯಾರಿಗೂ ಚುಚ್ಚುವುದಿಲ್ಲ. ಡೈರೆಕ್ಟರ್ ಕೂತಿರುವ ಮೀಟಿಂಗಿನಲ್ಲಿ ಸುಮಾ ಹತ್ತು ನಿಮಿಷ ಇದನ್ನು ವಿವರಿಸಿದರೆ ಥ್ರೆಡ್ಡಿನ ಯಾವ ಸಾಲೂ ಮಾಡದ ಕೆಲಸ ಅಲ್ಲಿ ಆಗುತ್ತದೆ.

ಮೇನ್ ಬ್ರಾಂಚಿಗೆ ಹೋದ ಕಮಿಟ್ಟಿನಲ್ಲಿ ಹೆಸರು ಬದಲಿಸಲು ಹೋಗಬೇಡಿ. ಬದಲಿಸಿದರೆ ಅದರ ಗುರುತಿನ ಸಂಖ್ಯೆ, ಅದರ ನಂತರ ಬಂದ ಎಲ್ಲ ಕಮಿಟ್‌ಗಳ ಸಂಖ್ಯೆ ಬದಲಾಗುತ್ತದೆ, ಟೀಮಿನ ಎಲ್ಲರ ಕೆಲಸವೂ ಸಿಕ್ಕುಹಾಕಿಕೊಳ್ಳುತ್ತದೆ. ಪುಲ್ ರಿಕ್ವೆಸ್ಟಿನ ವಿವರಣೆ, ಟಿಕೆಟ್, ವರದಿ ಈ ಮೂರರಲ್ಲಿ ಸರಿ ಇದ್ದರೆ ಸಾಕು. ಮುಂದಿನ ಸಲ ಸ್ಕ್ವಾಶ್ ಮಾಡುವವರಿಗೆ ಮಾತ್ರ ಈ ಒಂದು ಸಾಲು ಹೇಳಿಕೊಡಿ:

```
git commit --author="Suma <suma@example.com>"
```

ಆಗ ಬರೆದವರು ಸುಮಾ, ಸೇರಿಸಿದವರು ಕಾರ್ತಿಕ್ ಅಂತ ಸರಿಯಾಗಿ ಬೀಳುತ್ತದೆ. ಇಬ್ಬರೂ ಕೋಡ್ ಬರೆದಿದ್ದರೆ ಕಮಿಟ್ ಮೆಸೇಜಿನ ಕೊನೆಯಲ್ಲಿ, ಒಂದು ಖಾಲಿ ಸಾಲು ಬಿಟ್ಟು, ಇನ್ನೊಬ್ಬರನ್ನು ಸೇರಿಸುವುದು:

```
Reuse reference number on refund retry

Co-authored-by: Suma <suma@example.com>
```

ಇಮೇಲ್ ವಿಳಾಸ ಅವರ ಗಿಟ್‌ಹಬ್ ಖಾತೆಗೆ ಸೇರಿದ್ದೇ ಆಗಿರಬೇಕು. ಇಲ್ಲದಿದ್ದರೆ ಹೆಸರು ಅಕ್ಷರವಾಗಿ ಇರುತ್ತದೆಯೇ ಹೊರತು ಅವರ ಖಾತೆಗೆ ಜೋಡಣೆಯಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಮ್ಯಾನೇಜರ್ ಏನೂ ಬರೆಯದಿರಬಹುದು, ಇಲ್ಲವೇ ‘ಎಲ್ಲರೂ ಸೇರಿ ಮಾಡಿದ್ದು, ಗ್ರೇಟ್ ಟೀಮ್’ ಅಂತ ಒಂದು ಸಾಲು ಹಾಕಿ ಮುಗಿಸಬಹುದು. ಮಾರನೆಯ ದಿನ ಒಂದು ಸಲ ನೆನಪಿಸಿ, ‘ನಾನೇ ಥ್ರೆಡ್ಡಿನಲ್ಲಿ ಸೇರಿಸಲಾ?’ ಅಂತ ಕೇಳಿ. ಸರಿ ಅಂದರೆ ಮೇಲಿನ ಸಾಲುಗಳನ್ನೇ ರಿವ್ಯೂ ಮಾಡಿದವರ ಕಡೆಯಿಂದ ಅಂತ ಹಾಕಿ: ‘ರಿವ್ಯೂ ಮಾಡಿದವನಾಗಿ ಒಂದು ಸೇರ್ಪಡೆ’ ಅಂತ ಶುರು ಮಾಡಿದರೆ ನೀವು ಯಾಕೆ ಮಾತಾಡುತ್ತಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ಬೇಡ ಅಂದರೆ ಥ್ರೆಡ್ಡಿನಲ್ಲಿ ಹಟ ಹಿಡಿಯಬೇಡಿ, ದಾಖಲೆ ಸರಿ ಮಾಡುವುದನ್ನು ಮಾತ್ರ ಬಿಡಬೇಡಿ. ಕಾರ್ತಿಕ್ ಆಗಲಿ ಬೇರೆಯವರಾಗಲಿ ಇನ್ನೊಬ್ಬರ ಕೆಲಸಕ್ಕೆ ತಮ್ಮ ಹೆಸರು ಬರಲು ಮತ್ತೆ ಮತ್ತೆ ಬಿಡುತ್ತಿದ್ದಾರೆ ಅನ್ನಿಸಿದರೆ ಅದು ಥ್ರೆಡ್ಡಿನ ವಿಷಯವೇ ಅಲ್ಲ. ಆಗ ತಾರೀಕು, ಟಿಕೆಟ್ ನಂಬರ್ ಸಮೇತ ಮ್ಯಾನೇಜರ್ ಜೊತೆ ಕೂತು ಮಾತಾಡಬೇಕು, ಸುಮಾ ಜೊತೆಗಿದ್ದರೆ ಮಾತ್ರ.

ಅಪ್ರೈಸಲ್ ಹೊತ್ತಿಗೆ ಸುಮಾ ತಮ್ಮ ಸ್ವಂತ ವರದಿಯಲ್ಲಿ ಇದನ್ನು ಬರೆಯಬೇಕು, ನಿಮ್ಮನ್ನು ಅಭಿಪ್ರಾಯ ಕೇಳಿದರೆ ನೀವೂ ಅದೇ ಮಾತುಗಳಲ್ಲಿ ಬರೆಯಬೇಕು. ಅದಕ್ಕೆ ಪುಲ್ ರಿಕ್ವೆಸ್ಟಿನ ಲಿಂಕ್, ಟಿಕೆಟ್ ನಂಬರ್, ಮ್ಯಾನೇಜರ್ ಹಾಕಿದ ತಿದ್ದುಪಡಿಯ ಸಾಲು, ಮೂರನ್ನೂ ಇವತ್ತೇ ಒಂದು ಕಡೆ ನಕಲು ಮಾಡಿ ಅವರಿಗೆ ಕಳಿಸಿಬಿಡಿ. ನಿಮ್ಮದು ಸ್ಲಾಕ್‌ನ ಉಚಿತ ಪ್ಲಾನ್ ಆಗಿದ್ದರೆ 90 ದಿನದ ಹಿಂದಿನ ಮೆಸೇಜುಗಳು ಕಾಣುವುದಿಲ್ಲ, ಮೂರು ತಿಂಗಳು ಕಳೆದ ಮೇಲೆ ಹುಡುಕಿದರೆ ಆ ಥ್ರೆಡ್ ಸಿಗುವುದಿಲ್ಲ.